ಸೆಕೆಗಾಲಕ್ಕೆ ಯಾವ ಫೌಂಡೇಶನ್? ಎಣ್ಣೆ ಮುಖದವರು ಕೊಳ್ಳುವ ಮೊದಲು ನೋಡಬೇಕಾದ್ದು

ಕಳೆದ ಏಪ್ರಿಲ್‌ನಲ್ಲಿ ನನ್ನ ಚಿಕ್ಕಮ್ಮನ ಮಗಳು ಒಂದು ಸಂಜೆ ನಮ್ಮ ಮನೆಗೆ ಬಂದು, ಬ್ಯಾಗಿನಿಂದ ಮೂರು ಫೌಂಡೇಶನ್ ತೆಗೆದು ಮೇಜಿನ ಮೇಲಿಟ್ಟಳು. ಒಂದು ಲಿಕ್ವಿಡ್ ಬಾಟಲಿ, ಒಂದು ಕುಶನ್, ಒಂದು ಪೌಡರ್ ಕಾಂಪ್ಯಾಕ್ಟ್. "ಅಕ್ಕ, ಇದು ಮಧ್ಯಾಹ್ನಕ್ಕೆ ಕಪ್ಪಾಗ್ತದೆ, ಇದು ಜಾರ್ತದೆ, ಇದು ತೇಪೆ ತೇಪೆ ಆಗ್ತದೆ. ಮೂರಕ್ಕೂ ದುಡ್ಡು ಹಾಕಿದ್ದೇನೆ. ಇನ್ನು ನಾಲ್ಕನೆಯದು ಯಾವುದು ಹೇಳು" ಅಂದಳು.

ಅವಳ ಮನೆ ಸುರತ್ಕಲ್‌ನಲ್ಲಿ, ಕೆಲಸ ಹಂಪನಕಟ್ಟೆಯ ಒಂದು ಬ್ಯಾಂಕ್ ಶಾಖೆಯಲ್ಲಿ. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟು, ತುಂಬಿದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ನಿಂತು ಬಂದು, ಆಮೇಲೆ ಇಡೀ ದಿನ ಎಸಿಯಲ್ಲಿ ಕೌಂಟರ್ ಮುಂದೆ ಕೂರುವವಳು. ಹಣೆ, ಮೂಗು, ಗಲ್ಲ ಮೂರೂ ಹೊಳೆಯುವ ಎಣ್ಣೆ ಚರ್ಮ. ಮೇ ಕೊನೆಗೆ ಅಣ್ಣನ ಮದುವೆ, ಮೂಡಬಿದಿರೆಯಲ್ಲಿ. ನಾನು ಹದಿನಾಲ್ಕು ವರ್ಷದಿಂದ ಮದುವೆ ಮೇಕಪ್ ಮಾಡುತ್ತಿದ್ದೇನೆ. ಅವಳು ತಂದ ಮೂರರಲ್ಲಿ ಯಾವುದೂ ಕಳಪೆ ವಸ್ತು ಆಗಿರಲಿಲ್ಲ ಎಂದು ನೋಡಿದ ಕೂಡಲೇ ಗೊತ್ತಾಯಿತು. ಅವಳ ಮುಖದಲ್ಲಿ ಫೌಂಡೇಶನ್ ಕೆಡಿಸುತ್ತಿರುವುದು ಬೆವರೋ ಜಿಡ್ಡೋ ಎಂದು ನೋಡದೆ ಮೂರನ್ನೂ ಕೊಂಡಿದ್ದಳು, ಅಷ್ಟೆ.

ಕರಾವಳಿಯ ಸೆಕೆಯಲ್ಲಿ ಈ ಎರಡೂ ಒಟ್ಟಿಗೇ ಬರುತ್ತವೆ. ಹಾಗಾಗಿ ನಾವು ಎರಡನ್ನೂ ಸೇರಿಸಿ "ಮುಖ ಎಣ್ಣೆ ಎಣ್ಣೆ ಆಯ್ತು" ಅನ್ನುತ್ತೇವೆ. ಆದರೆ ಬೆವರು ನೀರು, ಅದರಲ್ಲಿ ಒಂದಿಷ್ಟು ಉಪ್ಪು. ಜಿಡ್ಡು ಚರ್ಮದ ಗ್ರಂಥಿಗಳು ಸುರಿಸುವ ನಿಜವಾದ ಕೊಬ್ಬು. ನೀರಿಗೆ ಹೆದರುವ ಫೌಂಡೇಶನ್ ಜಿಡ್ಡಿಗೆ ಹೆದರದೆ ಇರಬಹುದು, ಜಿಡ್ಡಿಗೆ ಕರಗುವುದು ನೀರಿಗೆ ಜಗ್ಗದೆ ನಿಲ್ಲಬಹುದು. ಕಲಬುರಗಿಯ 40 ಡಿಗ್ರಿ ಬಿಸಿಲಿನಲ್ಲಿ ಬೆವರು ಬಂದ ಹಾಗೇ ಆರಿಹೋಗುತ್ತದೆ. ಮಂಗಳೂರಿನಲ್ಲಿ 33 ಡಿಗ್ರಿಯಾದರೂ ಗಾಳಿಯಲ್ಲಿ ಮೊದಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಮುಖದ ಮೇಲೇ ಹನಿಯಾಗಿ ಕೂರುತ್ತದೆ. ಬೆಂಗಳೂರಿನ ಗೆಳತಿ ಮೆಚ್ಚಿ ಹೇಳಿದ ಕಾಂಪ್ಯಾಕ್ಟ್ ಇಲ್ಲಿ ಸೋಲುವುದಕ್ಕೆ ಕಾರಣ ಇದೇ. ಅಲ್ಲಿ ಅದು ಜಿಡ್ಡನ್ನು ಮಾತ್ರ ಎದುರಿಸಿದರೆ ಸಾಕಿತ್ತು.

ಮೊದಲ ಹೆಜ್ಜೆ: ಟಿಶ್ಯೂ ಒತ್ತಿ ನೋಡಿ

ಏನನ್ನೂ ಕೊಳ್ಳುವ ಮೊದಲು ಒಂದು ದಿನ ಮೇಕಪ್ ಇಲ್ಲದೆ, ನಿಮ್ಮ ಮಾಮೂಲಿ ದಿನಚರಿಯಲ್ಲೇ ಇದನ್ನು ಮಾಡಿ. ಬೆಳಿಗ್ಗೆ ಮುಖ ತೊಳೆದು, ದಿನಾ ಹಚ್ಚುವ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ. ಕೆಲಸದ ಜಾಗ ತಲುಪಿದ ಕೂಡಲೇ ಒಂದು ತೆಳು ಟಿಶ್ಯೂ ಕಾಗದವನ್ನು ಹಣೆ, ಮೂಗು, ಮೇಲ್ದುಟಿಯ ಮೇಲ್ಭಾಗ, ಕೆನ್ನೆಗಳ ಮೇಲೆ ಬೇರೆ ಬೇರೆಯಾಗಿ ಒತ್ತಿ ತೆಗೆಯಿರಿ. ಒರೆಸಬೇಡಿ, ಒತ್ತಿ. ಆ ಕಾಗದಗಳನ್ನು ಫ್ಯಾನಿನ ಕೆಳಗೆ ಹತ್ತು ನಿಮಿಷ ಇಟ್ಟು, ಬೆಳಕಿಗೆ ಹಿಡಿದು ನೋಡಿ.

ಬೆವರಿನ ಕಲೆ ಅಷ್ಟರಲ್ಲಿ ಆರಿ ಕಾಣೆಯಾಗಿರುತ್ತದೆ. ಜಿಡ್ಡಿನ ಕಲೆ ಹಾಗೇ ಉಳಿಯುತ್ತದೆ, ಬೋಂಡ ಕಟ್ಟಿಕೊಟ್ಟ ಪೇಪರಿನ ಹಾಗೆ ಆ ಜಾಗ ಪಾರದರ್ಶಕವಾಗಿ ಕಾಣುತ್ತದೆ. ಮಧ್ಯಾಹ್ನ ಊಟಕ್ಕೆ ಮುಂಚೆ ಇನ್ನೊಮ್ಮೆ, ಸಂಜೆ ನಾಲ್ಕಕ್ಕೆ ಮತ್ತೊಮ್ಮೆ ಮಾಡಿ. ದಿನದ ಕೊನೆಗೆ ಯಾವ ಜಾಗದಲ್ಲಿ, ಯಾವ ಹೊತ್ತಿಗೆ, ಯಾವುದು ಮೊದಲು ಬರುತ್ತದೆ ಎಂಬ ನಕ್ಷೆ ನಿಮ್ಮ ಕೈಯಲ್ಲಿರುತ್ತದೆ.

ನನ್ನ ತಂಗಿಯ ನಕ್ಷೆ ಹೀಗಿತ್ತು. ಬಸ್ಸಿಳಿದಾಗ ಮೇಲ್ದುಟಿ, ಹಣೆಯ ಅಂಚು, ಮೂಗಿನ ಪಕ್ಕ ಎಲ್ಲ ಒದ್ದೆ, ಆದರೆ ಹತ್ತು ನಿಮಿಷಕ್ಕೆ ಕಾಗದ ಪೂರ್ತಿ ಆರಿತು. ಮೂಗಿನ ಕಾಗದದಲ್ಲಿ ಮಾತ್ರ ಸಣ್ಣ ಜಿಡ್ಡಿನ ಚುಕ್ಕೆ. ಮಧ್ಯಾಹ್ನ ಒಂದಕ್ಕೆ ಎಸಿಯಲ್ಲಿ ಕೂತು ಬೆವರು ಇಲ್ಲವೇ ಇಲ್ಲ, ಹಣೆ ಮೂಗು ಎರಡರಲ್ಲೂ ದೊಡ್ಡ ಜಿಡ್ಡಿನ ಕಲೆ. ಕೆನ್ನೆ ಸಂಜೆಯವರೆಗೂ ಬಹುಪಾಲು ಶುಭ್ರ. ಅಂದರೆ ಅವಳ ಮುಖಕ್ಕೆ ಮೊದಲ ಒಂದು ಗಂಟೆ ಬೆವರಿನ ಕಾಟ, ಮುಂದಿನ ಐದು ಗಂಟೆ ಜಿಡ್ಡಿನ ಕಾಟ. ಕೆನ್ನೆಗೆ ಎರಡರದ್ದೂ ಹೆಚ್ಚಿಲ್ಲ. ಇಡೀ ಮುಖ ಎಣ್ಣೆ ಎಂದು ಅವಳು ನಂಬಿದ್ದು ತಪ್ಪಾಗಿತ್ತು.

ಇದೇ ದಿನ ಇನ್ನೊಂದು ವಿಷಯವೂ ಹೊರಬೀಳುತ್ತದೆ. ಮನೆ ಬಿಡುವ ಮುಂಚೆಯೇ, ಫ್ಯಾನಿನ ಕೆಳಗೆ ಕೂತಿದ್ದಾಗಲೇ ಟಿಶ್ಯೂವಿನಲ್ಲಿ ಜಿಡ್ಡಿನ ಕಲೆ ಬಂದರೆ ಅದು ನಿಮ್ಮ ಚರ್ಮದ್ದಲ್ಲ, ಸನ್‌ಸ್ಕ್ರೀನಿನದು. ತಂಗಿ ಹಚ್ಚುತ್ತಿದ್ದುದು ಚಳಿಗಾಲಕ್ಕೆ ಕೊಂಡ ದಪ್ಪ ಕ್ರೀಮು. ಅದರ ಮೇಲೆ ಕುಶನ್ ಜಾರಿದ್ದರಲ್ಲಿ ಆಶ್ಚರ್ಯವೇ ಇಲ್ಲ. ಫೌಂಡೇಶನ್ ಬದಲಿಸುವ ಮೊದಲು ಸನ್‌ಸ್ಕ್ರೀನ್ ಬದಲಿಸಿ ಎಂದು ನಾನು ಹತ್ತರಲ್ಲಿ ಐದಾರು ಜನರಿಗಾದರೂ ಹೇಳುತ್ತೇನೆ. ಜೆಲ್ ರೂಪದ್ದು, ಅಥವಾ ಹಚ್ಚಿದ ಮೇಲೆ ಮ್ಯಾಟ್ ಆಗಿ ಆರುವಂಥದ್ದು ಸೆಕೆಗೆ ಸರಿ. "ನನ್ನ ಫೌಂಡೇಶನ್‌ನಲ್ಲೇ ಎಸ್‌ಪಿಎಫ್ ಇದೆಯಲ್ಲ" ಎಂದು ಸನ್‌ಸ್ಕ್ರೀನನ್ನೇ ಬಿಡಬೇಡಿ. ಡಬ್ಬಿಯ ಮೇಲಿನ ಎಸ್‌ಪಿಎಫ್ ಅಂಕಿ ಬರುವುದು ಚರ್ಮದ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷಿಸಿದಾಗ. ಅಷ್ಟು ದಪ್ಪ ಫೌಂಡೇಶನ್ ಹಚ್ಚಿಕೊಂಡು ಯಾರೂ ಹೊರಗೆ ಹೋಗಲಾರರು.

ಮೂರರ ಒಳಗುಟ್ಟು

ಲಿಕ್ವಿಡ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಲಿಕ್ವಿಡ್ ಎಂಬ ಒಂದೇ ಹೆಸರಿನಡಿ ತೀರಾ ಬೇರೆ ಬೇರೆ ವಸ್ತುಗಳಿವೆ. ಕೆಲವು ನೀರಿನಲ್ಲಿ ಎಣ್ಣೆ ಬೆರೆಸಿದ ಲೋಷನ್ ಥರದವು. ಇವು ಮೃದುವಾಗಿರುತ್ತವೆ, ಒಣ ಚರ್ಮಕ್ಕೆ ಹಿತ, ಆದರೆ ಬೆವರಿಗೆ ಬೇಗ ಕದಡುತ್ತವೆ. ಇನ್ನು ಕೆಲವು ಸಿಲಿಕೋನ್ ಆಧಾರದವು. ಇವುಗಳಲ್ಲಿ ಸೈಕ್ಲೋಪೆಂಟಾಸಿಲೋಕ್ಸೇನ್ ಅಥವಾ ಐಸೊಡೊಡೆಕೇನ್ ಥರದ ಹಾರಿಹೋಗುವ ದ್ರವ ಇರುತ್ತದೆ. ಹಚ್ಚಿದ ಕೆಲವು ನಿಮಿಷಗಳಲ್ಲಿ ಅದು ಆವಿಯಾಗಿ ಹೋಗಿ, ಬಣ್ಣ ಒಂದು ತೆಳು ಪೊರೆಯಾಗಿ ಚರ್ಮಕ್ಕೆ ಅಂಟಿ ಉಳಿಯುತ್ತದೆ. ಬೆವರಿಗೆ ಜಗ್ಗದೆ ನಿಲ್ಲುವುದು ಈ ಪೊರೆ.

ಬಾಟಲಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದದ್ದನ್ನು ನಂಬುವ ಬದಲು ಮುಂಗೈ ಮೇಲೆ ಪರೀಕ್ಷೆ ಮಾಡಬಹುದು. ಒಂದು ಹನಿ ತೆಳುವಾಗಿ ಸವರಿ ಹತ್ತು ಹದಿನೈದು ನಿಮಿಷ ಬಿಡಿ. ಅದರ ಅರ್ಧಭಾಗದ ಮೇಲೆ ಒಂದು ಹನಿ ನೀರು ಹಾಕಿ, ಅರ್ಧ ನಿಮಿಷ ಬಿಟ್ಟು ಬೆರಳಿನಿಂದ ಮೆಲ್ಲಗೆ ಉಜ್ಜಿ. ಬಣ್ಣ ನೀರಿಗೆ ಬಂದರೆ ಆ ಬಾಟಲಿ ಕರಾವಳಿಯ ಏಪ್ರಿಲ್‌ಗಲ್ಲ. ಬರದಿದ್ದರೆ ಇನ್ನರ್ಧದ ಮೇಲೆ ಒಂದು ಹನಿ ತೆಂಗಿನೆಣ್ಣೆ ಹಾಕಿ ಅದೇ ರೀತಿ ಉಜ್ಜಿ. ಈ ಸಲ ಬಹುತೇಕ ಎಲ್ಲವೂ ಕರಗಿ ಬರುತ್ತವೆ. ಎಷ್ಟು ಬೇಗ ಬರುತ್ತದೆ ಎಂಬುದನ್ನು ನೋಡಿ. ನಿಮ್ಮ ಮೂಗಿನ ಮೇಲೆ ಮಧ್ಯಾಹ್ನ ಒಂದಕ್ಕೆ ನಡೆಯುವುದು ಇದೇ ಕೆಲಸ, ಇಲ್ಲಿ ಬೇಗ ಕಾಣುತ್ತದೆ, ಅಲ್ಲಿ ನಿಧಾನವಾಗಿ ಆಗುತ್ತದೆ. ಸಿಲಿಕೋನ್ ಲಿಕ್ವಿಡ್ ಬೆವರಿನ ಎದುರು ಗಟ್ಟಿ, ಜಿಡ್ಡಿನ ಎದುರು ಮೆತ್ತಗೆ. ಇದೊಂದು ನೆನಪಿದ್ದರೆ ಮುಂದಿನದ್ದೆಲ್ಲ ಸುಲಭ.

ಮಧ್ಯಾಹ್ನಕ್ಕೆ ಕಪ್ಪಾಗುವ ದೂರಿಗೂ ಉತ್ತರ ಇಲ್ಲೇ ಇದೆ. ಅದನ್ನು "ಆಕ್ಸಿಡೈಸ್ ಆಯ್ತು" ಅನ್ನುವುದು ರೂಢಿ. ಆದರೆ ಫೌಂಡೇಶನ್ನಿನ ಹಳದಿ, ಕೆಂಪು, ಕಪ್ಪು ಬಣ್ಣಗಳು ಕಬ್ಬಿಣದ ಆಕ್ಸೈಡ್‌ಗಳು. ಬಾಟಲಿಯಲ್ಲಿರುವಾಗಲೇ ಆಕ್ಸೈಡ್ ಆದದ್ದು ಮುಖದ ಮೇಲೆ ಕೆಲವೇ ಗಂಟೆಗಳಲ್ಲಿ ಮತ್ತೆ ಅಷ್ಟು ಬದಲಾಗುವುದು ಕಡಿಮೆ. ಬಹುಪಾಲು ಆಗುವುದು ಇಷ್ಟೆ: ಹಾರುವ ದ್ರವ ಹಾರಿಹೋಗಿ ಬಣ್ಣ ಸಾಂದ್ರವಾಗುತ್ತದೆ, ಆಮೇಲೆ ಜಿಡ್ಡು ಆ ಬಣ್ಣದ ಪುಡಿಯನ್ನು ನೆನೆಸುತ್ತದೆ. ನಮ್ಮ ಮುರಕಲ್ಲಿನ ಗೋಡೆ ನೋಡಿ. ಅದರ ಕೆಂಪೂ ಕಬ್ಬಿಣದ ಆಕ್ಸೈಡೇ. ಒಣಗಿದ್ದಾಗ ತಿಳಿಯಾಗಿ ಕಾಣುವ ಗೋಡೆ ಮೊದಲ ಮಳೆಗೆ ನೆನೆದಾಗ ಎರಡು ಬಣ್ಣ ಗಾಢವಾಗುತ್ತದೆ. ಕಲ್ಲು ಬದಲಾಗಲಿಲ್ಲ, ನೆನೆಯಿತು. ಹಾಗಾಗಿ ಫೌಂಡೇಶನ್ ಕಪ್ಪಾದರೆ ಮೊದಲು ಟಿಶ್ಯೂ ಒತ್ತಿ ನೋಡಿ. ಜಿಡ್ಡು ತೆಗೆದ ಮೇಲೆ ಬಣ್ಣ ಬಹುಪಾಲು ಮರಳಿ ಬಂದರೆ ಬಾಟಲಿಯ ತಪ್ಪಿಲ್ಲ. ಬರದಿದ್ದರೆ ನೀವು ಕೊಂಡ ಶೇಡೇ ಗಾಢವಾದದ್ದು, ಅಂಗಡಿಯಲ್ಲಿ ಒದ್ದೆಯಾಗಿದ್ದಾಗ ನೋಡಿ ಮೋಸಹೋಗಿದ್ದೀರಿ.

ಪೌಡರಿನ ಕಥೆ ತಿರುಗುಮುರುಗು. ಟ್ಯಾಲ್ಕ್, ಅಭ್ರಕ, ಸಿಲಿಕಾ ಥರದ ಪುಡಿಗಳನ್ನು ಸ್ವಲ್ಪ ಜಿಗುಟಿನ ಜೊತೆ ಒತ್ತಿ ಮಾಡಿದ ಬಿಲ್ಲೆ ಅದು. ಜಿಡ್ಡನ್ನು ಹೀರುವುದು ಅದರ ಹುಟ್ಟುಗುಣ. ಎಸಿಯಲ್ಲಿ ಕೂರುವ ಎಣ್ಣೆ ಮುಖಕ್ಕೆ ಇದಕ್ಕಿಂತ ಸರಳವಾದದ್ದಿಲ್ಲ, ಎರಡು ನಿಮಿಷದ ಕೆಲಸ. ಆದರೆ ಅದಕ್ಕೆ ಹಿಡಿತ ಎಂಬುದು ಕಡಿಮೆ. ಹನಿ ಬೆವರು ಬಿದ್ದ ಜಾಗದಲ್ಲಿ ಪುಡಿ ಹಿಟ್ಟಿನ ಹಾಗೆ ಮುದ್ದೆಯಾಗಿ, ಬೆವರು ಹರಿದ ದಾರಿಯಲ್ಲಿ ಗೆರೆ ಬಿಟ್ಟು ಹೋಗುತ್ತದೆ. ಹೀರುವುದಕ್ಕೂ ಒಂದು ಮಿತಿ ಇದೆ. ಹೊಟ್ಟೆ ತುಂಬಿದ ಪುಡಿಯ ಮೇಲೆ ಮತ್ತೆ ಪುಡಿ ಹಾಕಿದರೆ ಅದು ಹೀರುವುದಿಲ್ಲ, ಪದರ ಕಟ್ಟುತ್ತದೆ. ತಂಗಿ ಹೇಳಿದ "ತೇಪೆ ತೇಪೆ" ಅದೇ. ಅವಳು ದಿನಕ್ಕೆ ನಾಲ್ಕು ಸಲ, ಜಿಡ್ಡು ತೆಗೆಯದೆ, ಅದರ ಮೇಲೇ ಪಫ್ ಒತ್ತುತ್ತಿದ್ದಳು. ಅವಳ ಕಾಂಪ್ಯಾಕ್ಟ್ ಬಿಲ್ಲೆಯ ನಡುವೆ ಹೊಳೆಯುವ ಗಟ್ಟಿ ಹಕ್ಕಳೆ ಕಟ್ಟಿತ್ತು. ಪಫ್‌ನಿಂದ ಮರಳಿ ಹೋದ ಮುಖದ ಜಿಡ್ಡು ಅದು. ಸೆಲ್ಲೋಟೇಪ್ ಅಂಟಿಸಿ ಎಳೆದರೆ ಆ ಹಕ್ಕಳೆ ಎದ್ದು ಬರುತ್ತದೆ, ಕೆಳಗಿನ ಪುಡಿ ಮೊದಲಿನಂತೆಯೇ ಇರುತ್ತದೆ.

ಕುಶನ್ ಈ ಮೂರರಲ್ಲಿ ಕಿರಿಯದು. 2008ರಲ್ಲಿ ಕೊರಿಯಾದ ಅಮೋರೆಪೆಸಿಫಿಕ್ ಕಂಪನಿ ತನ್ನ ಐಓಪಿಇ ಬ್ರ್ಯಾಂಡಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಪಾರ್ಕಿಂಗ್ ಚೀಟಿಗೆ ಒತ್ತುವ ಮೊಹರಿನ ಇಂಕು ಪ್ಯಾಡ್ ನೋಡಿ ಹೊಳೆದ ಉಪಾಯ ಅದು. ಸ್ಪಂಜಿನಲ್ಲಿ ತುಂಬಿದ ದ್ರವ, ಪಫ್ ಒತ್ತಿದಷ್ಟೇ ಮೇಲೆ ಬರುತ್ತದೆ. ಸ್ಪಂಜಿನಿಂದ ಹೊರಬರಬೇಕಾದರೆ ದ್ರವ ನೀರಾಗಿರಬೇಕು. ಹಾಗಾಗಿ ಮುಖದ ಮೇಲೆ ಕೂರುವ ಪದರ ತೆಳು, ಹಚ್ಚಿದಾಗ ತಂಪು, ಚಂದಕ್ಕೆ ಹೊಳಪು. ಬಹಳಷ್ಟು ಕುಶನ್‌ಗಳನ್ನು ಮಾಡಿದ್ದೇ ಆ ಒದ್ದೆ ಹೊಳಪಿಗಾಗಿ. ಎಣ್ಣೆ ಮುಖಕ್ಕೆ ಆ ಹೊಳಪು ಸೆಕೆಗಾಲದಲ್ಲಿ ಸ್ವತಃ ಸಿಗುತ್ತದೆ, ದುಡ್ಡು ಕೊಟ್ಟು ಕೊಳ್ಳಬೇಕಾಗಿಲ್ಲ. ಮ್ಯಾಟ್ ಆಗಿ ಆರುವ ಕುಶನ್‌ಗಳೂ ಇವೆ. ನಿಮಗೆ ಕುಶನ್ ಬೇಕೇ ಬೇಕೆಂದಿದ್ದರೆ ಅದನ್ನೇ ನೋಡಿ, ಮುಂಗೈ ಪರೀಕ್ಷೆ ಇದಕ್ಕೂ ಮಾಡಿ.

ಕುಶನ್‌ಗೆ ನನ್ನ ನಿಜವಾದ ತಕರಾರು ಶೇಡಿನದು. ಕೊರಿಯಾದ ಲೆಕ್ಕದಲ್ಲಿ 21 ಅಂದರೆ ಬೆಳ್ಳಗಿನವರಿಗೆ, 23 ಅಂದರೆ ಅವರಲ್ಲಿ ಮಧ್ಯಮ ಬಣ್ಣದವರಿಗೆ. ನಮ್ಮ ಗೋಧಿ ಬಣ್ಣಕ್ಕೆ, ಎಣ್ಣೆಗಪ್ಪಿಗೆ ಆ 23 ಕೂಡ ಬೂದಿ ಬಳಿದ ಹಾಗೆ ಕಾಣುತ್ತದೆ. ಕೆಲವು ಬ್ರ್ಯಾಂಡ್‌ಗಳು ಈಚೆಗೆ ಗಾಢ ಶೇಡುಗಳನ್ನು ತಂದಿವೆ. ಆದರೆ "ಒಂದು ಶೇಡ್ ಬೆಳ್ಳಗಿದ್ದರೆ ಮುಖ ಬೆಳಗ್ತದೆ" ಎಂದು ಅಂಗಡಿಯವರು ಹೇಳಿದರೆ ದಯವಿಟ್ಟು ಒಪ್ಪಬೇಡಿ. ಬೆವರು ಬಿದ್ದ ಜಾಗದಲ್ಲಿ ನಿಮ್ಮ ನಿಜ ಬಣ್ಣ ಇಣುಕಿದಾಗ ಗೆರೆ ಎದ್ದು ಕಾಣುವುದು ಆಗಲೇ. ಶೇಡ್ ಸರಿಯಾಗಿದ್ದರೆ ಅರ್ಧ ಅಳಿಸಿಹೋದರೂ ಯಾರಿಗೂ ತಿಳಿಯುವುದಿಲ್ಲ. ಸೆಕೆಗಾಲದಲ್ಲಿ ಶೇಡ್ ಕರಾರುವಾಕ್ಕಾಗಿರಬೇಕು ಎಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ. ಬೆಲೆ ನೋಡುವಾಗ ತೂಕವನ್ನೂ ನೋಡಿ. ಲಿಕ್ವಿಡ್ ಬಾಟಲಿ ಸಾಮಾನ್ಯವಾಗಿ 30 ಮಿಲಿ, ಕುಶನ್ ಡಬ್ಬಿ 12ರಿಂದ 15 ಗ್ರಾಂ.

ಈಗ ಆಯ್ಕೆ

ನಿಮ್ಮ ಟಿಶ್ಯೂ ನಕ್ಷೆಯನ್ನು ಮುಂದಿಟ್ಟುಕೊಳ್ಳಿ. ಮನೆಯಿಂದ ಕಾರಿನಲ್ಲಿ ಹೋಗಿ ಎಸಿಯಲ್ಲಿ ಕೂರುವವರಾದರೆ, ಕಾಗದದಲ್ಲಿ ಉಳಿಯುವುದು ಜಿಡ್ಡು ಮಾತ್ರವಾದರೆ, ಪೌಡರ್ ಸಾಕು. ಲಿಕ್ವಿಡ್ಡಿನ ಗೊಡವೆಯೇ ಬೇಡ. ಬಸ್ಸು, ಸ್ಕೂಟರು, ತರಗತಿ, ಹೊರಾಂಗಣ ಸಮಾರಂಭ ಎಂದು ಬೆವರು ಮೊದಲು ಬರುವವರಾದರೆ ನೀರಿಗೆ ಜಗ್ಗದ ಲಿಕ್ವಿಡ್ಡೇ ಬೇಕು. ಎರಡೂ ಇದ್ದರೆ, ಕರಾವಳಿಯಲ್ಲಿ ಹೆಚ್ಚಿನವರಿಗೆ ಇರುವುದು ಎರಡೂ, ಲಿಕ್ವಿಡ್ಡನ್ನು ತೀರಾ ತೆಳುವಾಗಿ ಹಚ್ಚಿ, ಜಿಡ್ಡು ಬರುವ ಜಾಗಕ್ಕೆ ಮಾತ್ರ ಪೌಡರ್ ಒತ್ತಬೇಕು. ಕುಶನ್ ನಾನು ಹೇಳುವುದು ಕೆನ್ನೆ ಒಣಗಿರುವವರಿಗೆ, ಮೂರು ನಾಲ್ಕು ಗಂಟೆಯ ಎಸಿ ಹಾಲ್ ಕಾರ್ಯಕ್ರಮಕ್ಕೆ. ಏಪ್ರಿಲ್ ಮೇಯಲ್ಲಿ ಎಣ್ಣೆ ಮುಖಕ್ಕೆ ಮೊದಲ ಖರೀದಿಯಾಗಿ ನಾನು ಅದನ್ನು ಹೇಳುವುದಿಲ್ಲ.

ತಂಗಿಯ ಮುಖಕ್ಕೆ ಮೂರನೆಯ ದಾರಿಯೇ ಸರಿ ಅನ್ನಿಸಿತು. ಆದರೂ ನನ್ನ ಮಾತು ಕೇಳಿ ನಂಬುವುದಕ್ಕಿಂತ ಅವಳೇ ನೋಡಲಿ ಎಂದು ಅರ್ಧ ಮುಖದ ಪರೀಕ್ಷೆ ಮಾಡಿಸಿದೆ. ಹೊಸ ಜೆಲ್ ಸನ್‌ಸ್ಕ್ರೀನ್ ಹಚ್ಚಿ, ಎಡಕ್ಕೆ ಲಿಕ್ವಿಡ್ ಜೊತೆ ಸ್ವಲ್ಪ ಪೌಡರ್, ಬಲಕ್ಕೆ ಬರೀ ಪೌಡರ್. ಅದೇ ಬಸ್ಸು, ಅದೇ ಕೌಂಟರ್. ಒಂಬತ್ತೂಕಾಲಿಗೆ ಅವಳು ಕಳಿಸಿದ ಫೋಟೋದಲ್ಲಿ ಬಲ ಹಣೆಯ ಅಂಚಿನಲ್ಲಿ ಎರಡು ಗೆರೆ, ಎಡಗಡೆ ಏನೂ ಇಲ್ಲ. ಮಧ್ಯಾಹ್ನ ಒಂದಕ್ಕೆ ಎರಡೂ ಕಡೆ ಮೂಗು ಹೊಳೆಯುತ್ತಿತ್ತು, ಎಡಗಡೆ ಮೂಗಿನ ಪಕ್ಕದ ಮಡಿಕೆಯಲ್ಲಿ ಲಿಕ್ವಿಡ್ ಒಟ್ಟುಗೂಡಿತ್ತು. ಮಾರನೆ ದಿನ ಎಡಕ್ಕೆ ಲಿಕ್ವಿಡ್, ಬಲಕ್ಕೆ ಕುಶನ್. ಸನ್‌ಸ್ಕ್ರೀನ್ ಬದಲಾದ್ದರಿಂದ ಕುಶನ್ ಈ ಸಲ ಜಾರಲಿಲ್ಲ. ಬೆಳಿಗ್ಗೆ ಅದೇ ಹೆಚ್ಚು ಚಂದ ಕಂಡಿತು ಕೂಡ. ಹನ್ನೊಂದೂವರೆಗೆ ಮೂಗಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಒಡೆದು ರಂಧ್ರಗಳು ಎದ್ದು ಕಂಡವು. ನೀವೂ ಹೀಗೆ ಮಾಡುವುದಾದರೆ ರಜಾದಿನ ಮನೆಯಲ್ಲಿ ಕೂತು ಮಾಡಬೇಡಿ, ನಿಮ್ಮ ಬಸ್ಸು ನಿಮ್ಮ ಬಿಸಿಲಲ್ಲೇ ಮಾಡಿ. ಎರಡೂ ಕಡೆ ಶೇಡ್ ಒಂದೇ ಸುಮಾರಿಗಿದ್ದರೆ ಯಾರೂ ಗಮನಿಸುವುದಿಲ್ಲ.

ಅಂಗಡಿಯಲ್ಲಿ

ಕಡಿಮೆ ಹೇಳಿದರೆ ಸಾಕು. ಮುಂಗೈ ಮೇಲೆ ಬಣ್ಣ ನೋಡಬೇಡಿ, ಅದು ಮುಖದ ಬಣ್ಣವಲ್ಲ. ದವಡೆಯ ಅಂಚಿನಲ್ಲಿ, ಕತ್ತಿಗೆ ಇಳಿಯುವ ಹಾಗೆ ಎರಡು ಶೇಡುಗಳ ಗೆರೆ ಎಳೆಸಿಕೊಳ್ಳಿ. ಅಂಗಡಿಯಿಂದ ಹೊರಗೆ ಬಂದು ಒಂದು ಕಬ್ಬಿನ ಹಾಲು ಕುಡಿದು, ಅರ್ಧ ಗಂಟೆ ಬಿಸಿಲು ಸೆಕೆಯಲ್ಲಿ ಓಡಾಡಿ. ದ್ರವ ಹಾರಿ, ಸ್ವಲ್ಪ ಜಿಡ್ಡು ಬಂದ ಮೇಲೆ ಹಗಲಿನ ಬೆಳಕಿನಲ್ಲಿ ಯಾವ ಗೆರೆ ಕಾಣೆಯಾಗಿದೆಯೋ ಅದು ನಿಮ್ಮ ಶೇಡ್. ಕೊಳ್ಳುವುದು ಆಮೇಲೆ. ಒಂದು ಸಲ ಹಚ್ಚುವಷ್ಟು ಸ್ಯಾಂಪಲ್ ಪುಟ್ಟ ಡಬ್ಬಿಗೆ ಹಾಕಿಕೊಡಿ ಎಂದು ಕೇಳಲು ಸಂಕೋಚ ಬೇಡ, ಎಷ್ಟೋ ಅಂಗಡಿಗಳಲ್ಲಿ ಕೊಡುತ್ತಾರೆ.

ಹಚ್ಚುವ ಕ್ರಮ

ಅತಿ ಮುಖ್ಯವಾದ ಹೆಜ್ಜೆ ಹಚ್ಚುವ ಮೊದಲಿನದು: ಬೆವರು ನಿಲ್ಲಬೇಕು. ಬಿಸಿನೀರಿನ ಸ್ನಾನ ಮಾಡಿ ಬಂದ ಕೂಡಲೇ ಕನ್ನಡಿ ಮುಂದೆ ಕೂತರೆ ಯಾವ ಬಾಟಲಿಯೂ ಹಿಡಿಯುವುದಿಲ್ಲ, ಪೊರೆ ಕಟ್ಟುವ ಹೊತ್ತಿಗೇ ಅಡಿಯಿಂದ ನೀರು ಬರುತ್ತಿರುತ್ತದೆ. ಸನ್‌ಸ್ಕ್ರೀನ್ ಹಚ್ಚಿ, ಫ್ಯಾನಿನ ಎದುರು ಹದಿನೈದು ನಿಮಿಷ ಕೂರಿ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹಿಂಗತ್ತಿಗೆ ಇಟ್ಟುಕೊಂಡರೆ ಬೇಗ ತಣಿಯುತ್ತೀರಿ. ಮದುವೆ ಮನೆಗಳಲ್ಲಿ ಮದುಮಗಳ ಕತ್ತಿಗೆ ನಾನು ಮೊದಲು ಹಾಕುವುದು ಆಭರಣವಲ್ಲ, ಈ ಒದ್ದೆ ಬಟ್ಟೆ. ಕೂದಲು ಎತ್ತಿ ಕಟ್ಟಿ, ರೇಷ್ಮೆ ಸೀರೆ ಆಮೇಲೆ ಉಡಿಸಿ.

ನಂತರ ಲಿಕ್ವಿಡ್, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಕಡಿಮೆ ಅನ್ನಿಸುತ್ತದೆ, ಅಷ್ಟೇ ಇರಲಿ. ನೀರಲ್ಲಿ ನೆನೆಸಿ ಗಟ್ಟಿಯಾಗಿ ಹಿಂಡಿದ ಸ್ಪಂಜಿನಿಂದ ಮೊದಲು ಕೆನ್ನೆಗೆ ಒತ್ತಿ. ಸ್ಪಂಜಿನಲ್ಲಿ ಉಳಿದದ್ದು ಹಣೆಗೆ. ಮೂಗಿಗೂ ಮೇಲ್ದುಟಿಯ ಮೇಲಕ್ಕೂ ಹೊಸದಾಗಿ ಅದ್ದಬೇಡಿ, ಉಳಿದ ಛಾಯೆ ಸಾಕು. ಎಲ್ಲಿ ಹೆಚ್ಚು ಕೆಡುತ್ತದೋ ಅಲ್ಲಿ ಕಡಿಮೆ ಇರಬೇಕು. ಎಲ್ಲರೂ ಇದರ ವಿರುದ್ಧವೇ ಮಾಡುತ್ತಾರೆ, ಮೂಗು ಬೇಗ ಅಳಿಸುತ್ತದೆಂದು ಅಲ್ಲೇ ದಪ್ಪ ಬಳಿಯುತ್ತಾರೆ, ಅದು ದಪ್ಪ ಹಕ್ಕಳೆಯಾಗಿಯೇ ಒಡೆಯುತ್ತದೆ. ಮೊಡವೆ ಕಲೆ ಮುಚ್ಚಬೇಕಿದ್ದರೆ ಆ ಚುಕ್ಕೆಯ ಮೇಲೆ ಮಾತ್ರ ಕನ್ಸೀಲರ್ ಇಡಿ, ಅದಕ್ಕಾಗಿ ಇಡೀ ಮುಖಕ್ಕೆ ಎರಡನೇ ಪದರ ಬೇಡ.

ಸವರುವಾಗ ರಬ್ಬರಿನ ಚೂರಿನಂತೆ ಉರುಳೆ ಉರುಳೆಯಾಗಿ ಎದ್ದು ಬಂದರೆ, ಕೆಳಗಿನ ಸನ್‌ಸ್ಕ್ರೀನ್ ಆರಿಲ್ಲ ಅಥವಾ ಎರಡಕ್ಕೂ ಹೊಂದಿಕೆ ಇಲ್ಲ. ಮೊದಲು ಕಾಯುವ ಸಮಯ ಹೆಚ್ಚಿಸಿ ನೋಡಿ. ಆಗಲೂ ಎದ್ದರೆ ಒಂದನ್ನು ಬದಲಿಸುವುದೇ ದಾರಿ.

ಐದು ನಿಮಿಷ ಬಿಡಿ, ಹಾರುವ ದ್ರವ ಹಾರಲಿ. ಬೆರಳು ತಾಗಿಸಿದರೆ ಬಣ್ಣ ಅಂಟಬಾರದು. ಆಮೇಲೆ ಪಫ್ಫಿಗೆ ಪೌಡರ್ ತಗೊಂಡು, ಅಂಗೈಗೆ ಒಮ್ಮೆ ತಟ್ಟಿ ಹೆಚ್ಚಿನದ್ದು ಉದುರಿಸಿ, ಹಣೆಯ ನಡು, ಮೂಗು, ಗಲ್ಲಕ್ಕೆ ಒತ್ತಿ. ಬ್ರಷ್ಷಿನಿಂದ ಬೀಸಬೇಡಿ, ಪುಡಿ ಮೇಲ್ಮೈಯಲ್ಲೇ ಕೂತು ಮೊದಲ ಬೆವರಿಗೆ ಹೋಗುತ್ತದೆ. ಕೆನ್ನೆಗೆ ಪೌಡರ್ ಬೇಡ. ಮದುವೆಗಾದರೆ ಇನ್ನೊಂದು ಎಚ್ಚರ: ಬಣ್ಣವಿಲ್ಲದ ಬಿಳಿ ಸಿಲಿಕಾ ಪೌಡರ್ ಹೆಚ್ಚಾದರೆ ಕ್ಯಾಮೆರಾ ಫ್ಲ್ಯಾಷಿಗೆ ಆ ಜಾಗ ಬೆಳ್ಳಗೆ ಹೊಡೆಯುತ್ತದೆ. ಹೊರಡುವ ಮೊದಲು ಕತ್ತಲೆ ಕೋಣೆಯಲ್ಲಿ ಫೋನಿನ ಫ್ಲ್ಯಾಷ್ ಹಾಕಿ ಒಂದು ಫೋಟೋ ತೆಗೆದು ನೋಡಿ.

ನಡುಹಗಲಿನ ರಿಪೇರಿ

ಕ್ರಮ ಒಂದೇ, ಅದನ್ನು ತಪ್ಪಿಸಬಾರದು: ಮೊದಲು ಬೆವರು, ಆಮೇಲೆ ಜಿಡ್ಡು, ಕೊನೆಗೆ ಪುಡಿ. ಬಸ್ಸಿಳಿದಾಗ ಹತ್ತಿಯ ಕರವಸ್ತ್ರ ಮಡಚಿ ಒತ್ತಿ, ಎರಡು ನಿಮಿಷ ಆರಲು ಬಿಡಿ. ಪೌಡರ್ ಡಬ್ಬಿ ಆಗ ತೆಗೆಯಲೇಬೇಡಿ. ಊಟದ ಹೊತ್ತಿಗೆ ಬ್ಲಾಟಿಂಗ್ ಪೇಪರ್ ಅಥವಾ ಟಿಶ್ಯೂವಿನ ಒಂದು ಪದರ ಹಣೆ ಮೂಗಿನ ಮೇಲಿಟ್ಟು ಐದೈದು ಸೆಕೆಂಡು ಒತ್ತಿ ಹಿಡಿಯಿರಿ. ಮಡಿಕೆಯಲ್ಲಿ ಒಟ್ಟಾದ ಲಿಕ್ವಿಡ್ಡನ್ನು ಶುಭ್ರ ಬೆರಳಿನಿಂದ ತಟ್ಟಿ ಹರಡಿ. ಹೊಳಪು ಇನ್ನೂ ಇದ್ದರೆ ಮಾತ್ರ ಆ ಜಾಗಕ್ಕೆ ಒಂದು ಸಲ ಪಫ್. ಜಿಡ್ಡು ತೆಗೆಯದೆ ಕುಶನ್ನಿನಿಂದ ತೇಪೆ ಹಾಕಲು ಹೋದರೆ ಒಳ್ಳೆಯ ಜಾಗವೂ ಕಿತ್ತು ಪಫ್ಫಿಗೆ ಬರುತ್ತದೆ.

ಪಫ್ಫಿನ ಬಗ್ಗೆ ನನಗೆ ಕಳವಳವಿದೆ, ಏಕೆಂದರೆ ಜೂನ್ ಬಂದ ಮೇಲೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ. ಒದ್ದೆ ಪಫ್ಫನ್ನು ಕುಶನ್ ಡಬ್ಬಿಯೊಳಗೆ ಮುಚ್ಚಿಟ್ಟರೆ ಮುಗ್ಗಲು ಹಿಡಿಯುತ್ತದೆ, ಅದು ಮಾರನೆ ದಿನ ನಿಮ್ಮ ಮೊಡವೆಯ ಮೇಲೆ ಹೋಗುತ್ತದೆ. ಎರಡು ಪಫ್ ಇಟ್ಟುಕೊಳ್ಳಿ. ವಾರಕ್ಕೊಮ್ಮೆಯಾದರೂ ಮೃದು ಶಾಂಪೂವಿನಲ್ಲಿ ತೊಳೆದು, ಹಿಂಡಿ, ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ. ವಾಸನೆ ಬಂದರೆ, ಕಪ್ಪು ಚುಕ್ಕೆ ಕಂಡರೆ ತೊಳೆಯುವ ಪ್ರಶ್ನೆಯಿಲ್ಲ, ಎಸೆಯಿರಿ. ಡಬ್ಬಿಯ ಹಿಂದೆ ಮುಚ್ಚಳ ತೆರೆದ ಭರಣಿಯ ಚಿತ್ರದೊಳಗೆ ತಿಂಗಳ ಅಂಕಿ ಇರುತ್ತದೆ, ತೆರೆದ ದಿನದಿಂದ ಅಷ್ಟು ತಿಂಗಳು ಅದರ ಆಯಸ್ಸು. ತೆರೆದ ದಿನಾಂಕವನ್ನು ಡಬ್ಬಿಯ ತಳಕ್ಕೆ ಬರೆದಿಡಿ.

ರಾತ್ರಿ ತೆಗೆಯುವಾಗ ಬರೀ ಫೇಸ್‌ವಾಶ್ ಸಾಲದು. ನೀರಿಗೆ ಜಗ್ಗದ್ದನ್ನೇ ಹುಡುಕಿ ಕೊಂಡಿದ್ದೀರಿ, ಅದು ನೀರಿಗೆ ಬರುವುದಿಲ್ಲ. ಮೊದಲು ಕ್ಲೆನ್ಸಿಂಗ್ ಆಯಿಲ್ ಅಥವಾ ಮೈಸೆಲರ್ ನೀರಿನಿಂದ ಕರಗಿಸಿ, ನಂತರ ಫೇಸ್‌ವಾಶ್. ಮೊಡವೆ ಬರುವ ಮುಖಕ್ಕೆ ಈ ಕೆಲಸಕ್ಕೆ ತೆಂಗಿನೆಣ್ಣೆ ಬೇಡ. ಹಣೆಯ ತುಂಬ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಎದ್ದು ತುರಿಸಿದರೆ ಅದು ಮಾಮೂಲಿ ಮೊಡವೆ ಆಗಿರಲಿಕ್ಕಿಲ್ಲ. ಸೆಕೆಯಲ್ಲಿ ಬೆವರುವ ಚರ್ಮದ ಮೇಲೆ ಶಿಲೀಂಧ್ರದಿಂದಲೂ ಹಾಗೆ ಬರುತ್ತದೆ, ಮೊಡವೆಯ ಔಷಧಿಗೆ ಅದು ಬಗ್ಗುವುದಿಲ್ಲ. ಫೌಂಡೇಶನ್ ನಿಲ್ಲಿಸಿ ಚರ್ಮ ವೈದ್ಯರಿಗೆ ತೋರಿಸಿ.

ಮೇ ಕೊನೆಯ ಮದುವೆಗೆ ತಂಗಿ ಹಚ್ಚಿಕೊಂಡದ್ದು ಅವಳ ಹಳೆಯ ಲಿಕ್ವಿಡ್ಡನ್ನೇ, ನಾಲ್ಕನೆಯದು ಕೊಳ್ಳಲಿಲ್ಲ. ಬೆಳಿಗ್ಗೆ ಆರೂವರೆಗೆ ಹಚ್ಚಿದ್ದು, ಹನ್ನೊಂದರ ಮುಹೂರ್ತ, ಹೋಮದ ಹೊಗೆ, ಊಟದ ಪಂಕ್ತಿಯಲ್ಲಿ ಬಡಿಸುವ ಓಡಾಟ. ಎರಡು ಸಲ ಟಿಶ್ಯೂ, ಒಂದು ಸಲ ಪೌಡರ್. ಸಂಜೆ ಮೂರೂವರೆಗೆ ನೋಡಿದಾಗ ಕೆನ್ನೆ, ಹಣೆ ಹಾಗೇ ಇದ್ದವು, ಮೂಗಿನ ತುದಿ ತಿಳಿಯಾಗಿತ್ತು, ಮೇಲ್ದುಟಿಯ ಮೇಲೆ ಏನೂ ಉಳಿದಿರಲಿಲ್ಲ. ಶೇಡ್ ಸರಿ ಇದ್ದುದರಿಂದ ಅದು ನನಗೊಬ್ಬಳಿಗೇ ಕಂಡಿತು.